ಎರಡು ಫೋಟೊ, ಒಂದು ಗಿಲಕಿ: ಯಾವುದು ಆರ್ಡರ್ ತರುತ್ತದೆ ಅಂತ ತಿಳಿಯೋದು ಹೇಗೆ?

ದಸರಾ ಹತ್ತಿರ ಬಂದ ಹಾಗೆ ಆನ್‌ಲೈನ್‌ನಲ್ಲಿ ಮಾರುವ ಮನೆಗಳಲ್ಲಿ ಒಂದು ಚರ್ಚೆ ಶುರುವಾಗುತ್ತದೆ. ಯಾವ ಫೋಟೊ ಹಾಕೋಣ? ಒಬ್ಬರಿಗೆ ಬಿಳಿ ಹಿನ್ನೆಲೆಯದು ಇಷ್ಟ, ಇನ್ನೊಬ್ಬರಿಗೆ ಹತ್ತಿರದಿಂದ ತೆಗೆದದ್ದು. ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಎರಡನ್ನೂ ಹಾಕಿ ವೋಟ್ ಕೇಳುತ್ತಾರೆ. ವೋಟ್ ಹಾಕುವವರು ಅಕ್ಕ, ಭಾವ, ಕಾಲೇಜಿನ ಗೆಳೆಯರು. ಅವರು ಯಾರೂ ಆ ವಸ್ತುವನ್ನು ಕೊಳ್ಳುವವರಲ್ಲ, ಚೆನ್ನಾಗಿ ಕಾಣುವುದಕ್ಕೆ ವೋಟ್ ಹಾಕುತ್ತಾರೆ ಅಷ್ಟೆ.

ಇದಕ್ಕೆ ಬೇರೆ ದಾರಿ ಇದೆ. ಕೊಳ್ಳುವ ಜನರನ್ನೇ ಎರಡು ಪಾಲು ಮಾಡಿ, ಒಂದು ಪಾಲಿಗೆ ಒಂದು ಫೋಟೊ, ಇನ್ನೊಂದು ಪಾಲಿಗೆ ಇನ್ನೊಂದು ಫೋಟೊ ತೋರಿಸಿ, ಯಾರು ಏನು ಮಾಡಿದರು ಅಂತ ಎಣಿಸುವುದು. ಇದನ್ನೇ ಸ್ಪ್ಲಿಟ್ ಟೆಸ್ಟ್ ಅಥವಾ ಎ/ಬಿ ಟೆಸ್ಟ್ ಅನ್ನುತ್ತಾರೆ. ಮೊದಲು ಇದು ದೊಡ್ಡ ಕಂಪನಿಗಳ ಕೆಲಸವಾಗಿತ್ತು, ಈಗ ಜಾಹೀರಾತು ಹಾಕುವ ಪುಟದಲ್ಲೇ ಇದಕ್ಕೊಂದು ಬಟನ್ ಬಂದಿದೆ. ಬಟನ್ ಒತ್ತುವುದು ಸುಲಭ. ಬಂದ ಅಂಕಿಗಳನ್ನು ಓದುವುದರಲ್ಲಿ ಮಾತ್ರ ತುಂಬಾ ಜನ ಎಡವುತ್ತಾರೆ, ಹಾಗಾಗಿ ಈ ಬರಹದ ಹೆಚ್ಚಿನ ಭಾಗ ಅದರ ಬಗ್ಗೆಯೇ ಇದೆ.

## ಮೊದಲು ಮೂರು ಎಣಿಕೆ

ನಿಮ್ಮ ವಸ್ತು ಒಬ್ಬರ ಮೊಬೈಲ್ ಪರದೆಯ ಮೇಲೆ ಒಂದು ಸಲ ಕಾಣಿಸಿಕೊಂಡರೆ ಅದು ಒಂದು ಇಂಪ್ರೆಶನ್. ಅವರು ಅದನ್ನು ಒತ್ತಿ ಒಳಗೆ ಬಂದರೆ ಅದು ಕ್ಲಿಕ್. ದುಡ್ಡು ಕೊಟ್ಟು ಅಥವಾ ಕ್ಯಾಶ್ ಆನ್ ಡೆಲಿವರಿ ಆರಿಸಿ ಖರೀದಿ ಮುಗಿಸಿದರೆ ಅದು ಆರ್ಡರ್.

100 ಇಂಪ್ರೆಶನ್‌ಗೆ ಎಷ್ಟು ಕ್ಲಿಕ್ ಬಂತು ಅನ್ನುವುದು ಕ್ಲಿಕ್ ದರ. 100 ಕ್ಲಿಕ್‌ಗೆ ಎಷ್ಟು ಆರ್ಡರ್ ಬಂತು ಅನ್ನುವುದು ಆರ್ಡರ್ ದರ. ಇವು ಎರಡೂ ಬೇರೆ ಬೇರೆ ಪ್ರಶ್ನೆಗೆ ಉತ್ತರ. ಮೊದಲನೆಯದು "ಇದು ಜನರ ಬೆರಳನ್ನು ನಿಲ್ಲಿಸಿತಾ?" ಅಂತ ಕೇಳುತ್ತದೆ. ಎರಡನೆಯದು "ಒಳಗೆ ಬಂದವರು ಅಂದುಕೊಂಡಿದ್ದೇ ಒಳಗೆ ಸಿಕ್ಕಿತಾ?" ಅಂತ. ಮುಖ್ಯ ಫೋಟೊ ಬದಲಿಸಿದರೆ ಈ ಎರಡೂ ಬದಲಾಗುತ್ತವೆ, ಮತ್ತು ಎರಡೂ ಒಂದೇ ದಿಕ್ಕಿಗೆ ಹೋಗಲೇಬೇಕು ಅಂತೇನಿಲ್ಲ.

## ಹೋದ ತಿಂಗಳು ಇದು, ಈ ತಿಂಗಳು ಅದು ಅಂದ್ರೆ ಯಾಕೆ ಆಗಲ್ಲ?

ಹೆಚ್ಚಿನವರು ಮಾಡುವುದು ಹೀಗೆ. ಆಗಸ್ಟ್‌ನಲ್ಲಿ ಹಳೆ ಫೋಟೊ ಇತ್ತು, 40 ಆರ್ಡರ್ ಬಂತು. ಸೆಪ್ಟೆಂಬರ್‌ನಲ್ಲಿ ಹೊಸ ಫೋಟೊ ಹಾಕಿದೆವು, 65 ಬಂತು. ಹೊಸ ಫೋಟೊ ಗೆದ್ದಿತು!

ಆದರೆ ಸೆಪ್ಟೆಂಬರ್‌ನಲ್ಲಿ ಇನ್ನೇನೇನು ಬದಲಾಗಿತ್ತು ಯೋಚಿಸಿ. ಹಬ್ಬದ ಖರೀದಿ ಶುರುವಾಗಿತ್ತು. ಪಕ್ಕದ ಸೆಲ್ಲರ್‌ನ ಸ್ಟಾಕ್ ಖಾಲಿಯಾಗಿರಬಹುದು. ನಿಮಗೆ ಮೂರು ಒಳ್ಳೆ ರಿವ್ಯೂ ಸೇರಿರಬಹುದು. ಜಾಹೀರಾತಿನ ಬಜೆಟ್ ಸ್ವಲ್ಪ ಏರಿಸಿರಬಹುದು. ಇವೆಲ್ಲದರ ಫಲವೂ ಆ 65ರೊಳಗೆ ಸೇರಿಕೊಂಡಿದೆ. ಫೋಟೊದ ಪಾಲು ಎಷ್ಟು ಅಂತ ಬಿಡಿಸಿ ನೋಡಲು ದಾರಿಯೇ ಇಲ್ಲ.

ಎರಡೂ ಫೋಟೊ ಒಂದೇ ಸಮಯಕ್ಕೆ ಓಡಿದರೆ ಹಬ್ಬ ಬಂದರೂ ಎರಡಕ್ಕೂ ಬರುತ್ತದೆ, ಮಳೆ ಬಂದು ಡೆಲಿವರಿ ತಡವಾದರೂ ಎರಡಕ್ಕೂ ತಡವಾಗುತ್ತದೆ. ಉಳಿಯುವ ವ್ಯತ್ಯಾಸ ಫೋಟೊದ್ದು ಮಾತ್ರ. ಜೊತೆಗೆ ಇನ್ನೊಂದು ಷರತ್ತು ಇದೆ: ಯಾರಿಗೆ ಯಾವ ಫೋಟೊ ಅನ್ನುವುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಬೇಕು. ಬೆಂಗಳೂರಿನವರಿಗೆ ಒಂದು, ಹುಬ್ಬಳ್ಳಿಯವರಿಗೆ ಇನ್ನೊಂದು ಅಂತ ಹಂಚಿದರೆ ನೀವು ಅಳೆಯುತ್ತಿರುವುದು ಊರನ್ನು, ಫೋಟೊವನ್ನಲ್ಲ. ಈ ಚೀಟಿ ಎತ್ತುವ ಉಪಾಯ ಬಂದದ್ದು ಹೊಲದಿಂದ. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ 1920ರ ದಶಕದಲ್ಲಿ ರೊನಾಲ್ಡ್ ಫಿಶರ್ ಇದನ್ನು ಒಂದು ಪದ್ಧತಿಯಾಗಿ ಕಟ್ಟಿದರು. ಯಾವ ಗೊಬ್ಬರ ಒಳ್ಳೆಯದು ಅಂತ ತಿಳಿಯಬೇಕಾದರೆ ಒಳ್ಳೆ ಮಣ್ಣಿನ ತುಂಡೆಲ್ಲ ಒಂದೇ ಗೊಬ್ಬರಕ್ಕೆ ಸಿಗಬಾರದು, ಅದಕ್ಕೇ ಯಾವ ತುಂಡಿಗೆ ಯಾವ ಗೊಬ್ಬರ ಅಂತ ಚೀಟಿ ಎತ್ತಬೇಕು. ಇವತ್ತಿನ ಫೋಟೊ ಪರೀಕ್ಷೆಯ ಬೇರೂ ಅದೇ.

## ಒಂದು ಗಿಲಕಿಯ ಲೆಕ್ಕ

ಒಂದು ಉದಾಹರಣೆ ಹಿಡಿದು ಕೊನೆಯವರೆಗೂ ಹೋಗೋಣ. ಅಂಕಿಗಳು ಲೆಕ್ಕ ತೋರಿಸಲು ನಾನು ಇಟ್ಟುಕೊಂಡವು.

ಚನ್ನಪಟ್ಟಣದ ಗಿಲಕಿ. ಆಲೆ ಮರದ್ದು, ಅರಗಿನ ಬಣ್ಣ, ಬೆಲೆ ₹349. ಮಾರುವವರಿಗೆ ಸ್ವಂತ ವೆಬ್‌ಸೈಟ್ ಇದೆ, ಇನ್‌ಸ್ಟಾಗ್ರಾಂ ಮತ್ತು ಫೇಸ್‌ಬುಕ್‌ನಲ್ಲಿ ಜಾಹೀರಾತು ಹಾಕುತ್ತಾರೆ. ಎರಡು ಫೋಟೊ ಇವೆ.

ಎ ಫೋಟೊದಲ್ಲಿ ಗಿಲಕಿ ಒಬ್ಬ ತಾಯಿಯ ಅಂಗೈ ಮೇಲಿದೆ. ಎಷ್ಟು ದೊಡ್ಡದು ಅಂತ ನೋಡಿದ ತಕ್ಷಣ ಗೊತ್ತಾಗುತ್ತದೆ. ಬಿ ಫೋಟೊದಲ್ಲಿ ಗಿಲಕಿ ಮಾತ್ರ, ತೀರಾ ಹತ್ತಿರದಿಂದ ತೆಗೆದದ್ದು. ಕೆಂಪು ಹಳದಿ ಬಳೆಗಳು ಹೊಳೆಯುತ್ತವೆ, ಚಿತ್ರ ಪರದೆ ತುಂಬಿಕೊಳ್ಳುತ್ತದೆ. ಬೆಲೆ, ಬರಹ, ಒಳಗಿನ ಪುಟ ಎಲ್ಲ ಎರಡಕ್ಕೂ ಒಂದೇ. ಫೋಟೊ ಒಂದೇ ಬೇರೆ. ಇದು ಮುಖ್ಯ, ಯಾಕೆಂದರೆ ಫೋಟೊದ ಜೊತೆ "20% ರಿಯಾಯಿತಿ" ಅಂತ ಬರಹವನ್ನೂ ಬದಲಿಸಿಬಿಟ್ಟರೆ ಗೆದ್ದದ್ದು ಯಾವುದು ಅಂತ ಆಮೇಲೆ ಹೇಳಲಾಗದು.

ಎರಡನ್ನೂ 15,000 ಸಲ ತೋರಿಸಲಾಯಿತು. ತಲಾ ₹1,800 ಖರ್ಚಾಯಿತು.

ಎ: 300 ಕ್ಲಿಕ್, 18 ಆರ್ಡರ್.
ಬಿ: 375 ಕ್ಲಿಕ್, 15 ಆರ್ಡರ್.

ಮೊದಲ ನೋಟಕ್ಕೆ ಬಿ ಕ್ಲಿಕ್‌ನಲ್ಲಿ ಮುಂದೆ, ಎ ಆರ್ಡರ್‌ನಲ್ಲಿ ಮುಂದೆ. ಆದರೆ ಈ ಮುನ್ನಡೆಗಳನ್ನು ನಂಬಬಹುದಾ?

## ನಿಜವಾದ ವ್ಯತ್ಯಾಸವೋ, ಬರೀ ಅದೃಷ್ಟವೋ

ಒಂದು ನಾಣ್ಯವನ್ನು 20 ಸಲ ಚಿಮ್ಮಿ. ಸರಿಯಾಗಿ 10 ತಲೆ, 10 ಬಾಲ ಬೀಳುವುದು ಸುಮಾರು ಆರರಲ್ಲಿ ಒಂದು ಸಲ ಮಾತ್ರ. 12-8 ಅಥವಾ ಅದಕ್ಕಿಂತ ಜಾಸ್ತಿ ವಾಲಿದ ಫಲಿತಾಂಶ ಬರುವುದು ಎಷ್ಟು ಸಲ ಗೊತ್ತಾ? ಸುಮಾರು ಅರ್ಧದಷ್ಟು ಸಲ! ನಾಣ್ಯದಲ್ಲಿ ಯಾವ ಮೋಸವೂ ಇಲ್ಲದೆ.

ಈಗ ಒಂದೇ ಫೋಟೊವನ್ನು ಎರಡು ಪಾಲಿಗೂ ತೋರಿಸಿದಿರಿ ಅಂದುಕೊಳ್ಳಿ. ಒಟ್ಟು 20 ಆರ್ಡರ್ ಬಂತು. ಪ್ರತಿ ಆರ್ಡರ್ ಯಾವ ಪಾಲಿನಿಂದ ಬರುತ್ತದೆ ಅನ್ನುವುದು ಆ ನಾಣ್ಯದ ಹಾಗೆಯೇ. ಅಂದರೆ ಒಂದು ಪಾಲಿನಿಂದ 12, ಇನ್ನೊಂದರಿಂದ 8 ಬರುವುದು ತೀರಾ ಮಾಮೂಲಿ. ಆದರೂ 12-8 ಅಂಕಿ ನೋಡಿದವರು "50% ಜಾಸ್ತಿ ಆರ್ಡರ್" ಅಂತ ಬರೆದುಕೊಂಡು ಫೋಟೊ ಬದಲಿಸಿಬಿಡುತ್ತಾರೆ.

ಹಾಗಾದರೆ ಎಷ್ಟು ಅಂತರ ಇದ್ದರೆ ನಂಬಬಹುದು? ಎರಡೂ ಫೋಟೊಗಳನ್ನು ಸಮಸಮ ತೋರಿಸಿದ್ದರೆ ಮೊಬೈಲಿನ ಕ್ಯಾಲ್ಕುಲೇಟರ್‌ನಲ್ಲೇ ಮುಗಿಯುವ ಒಂದು ಲೆಕ್ಕ ಇದೆ. ಎರಡೂ ಎಣಿಕೆಗಳನ್ನು ಕೂಡಿ. ಆ ಮೊತ್ತದ ವರ್ಗಮೂಲ ತೆಗೆಯಿರಿ. ಅದನ್ನು ಎರಡರಿಂದ ಗುಣಿಸಿ. ನಿಮ್ಮ ಅಂತರ ಅದಕ್ಕಿಂತ ದೊಡ್ಡದಿರಬೇಕು.

```
ಅಂತರ > 2 × √(ಎ + ಬಿ)
```

ಅಂತರ ಈ ಗೆರೆ ದಾಟಿತು ಅಂದರೆ ಅರ್ಥ ಇಷ್ಟು: ಎರಡು ಫೋಟೊಗಳಲ್ಲಿ ನಿಜಕ್ಕೂ ಏನೂ ವ್ಯತ್ಯಾಸ ಇಲ್ಲದಿದ್ದರೆ, ಇಷ್ಟು ದೊಡ್ಡ ಅಂತರ ಸುಮ್ನೆ ಅದೃಷ್ಟದಿಂದ ಬರುವುದು 100 ಪರೀಕ್ಷೆಗಳಲ್ಲಿ ಸುಮಾರು 5ರಲ್ಲಿ ಮಾತ್ರ. ಸುಳ್ಳು ಗೆಲುವು ಸಾಧ್ಯವೇ ಇಲ್ಲ ಅಂತ ಅಲ್ಲ, ಅಪರೂಪ ಅಂತ.

ನಮ್ಮ ಗಿಲಕಿಗೆ ಹಾಕಿ ನೋಡೋಣ. ಕ್ಲಿಕ್‌ಗಳ ಮೊತ್ತ 675. ವರ್ಗಮೂಲ ಸುಮಾರು 26, ಎರಡರಷ್ಟು 52. ನಮ್ಮ ಅಂತರ 75. ಗೆರೆ ದಾಟಿದೆ. ಬಿ ಫೋಟೊ ಜಾಸ್ತಿ ಕ್ಲಿಕ್ ತರುತ್ತದೆ ಅಂತ ಧೈರ್ಯವಾಗಿ ಹೇಳಬಹುದು.

ಆರ್ಡರ್‌ಗಳ ಮೊತ್ತ 33. ವರ್ಗಮೂಲದ ಎರಡರಷ್ಟು 11.5. ಅಂತರ ಬರೀ 3. ಗೆರೆಯ ಹತ್ತಿರಕ್ಕೂ ಬಂದಿಲ್ಲ. ಆರ್ಡರ್ ವಿಷಯದಲ್ಲಿ ಈ ಪರೀಕ್ಷೆ ಇನ್ನೂ ಏನನ್ನೂ ಹೇಳಿಲ್ಲ. ಎ ಗೆದ್ದಿತು ಅಂತಲೂ ಇಲ್ಲ, ಎರಡೂ ಸಮ ಅಂತಲೂ ಇಲ್ಲ.

ಈ ಒಂದೇ ಲೆಕ್ಕ ಇನ್ನೊಂದು ಕಡೆಯೂ ಕೆಲಸಕ್ಕೆ ಬರುತ್ತದೆ. ಜನರನ್ನು ಅರ್ಧ ಅರ್ಧ ಹಂಚಿ ಅಂತ ನೀವು ಹೇಳಿದ್ದೀರಿ, ಆದರೆ ವರದಿಯಲ್ಲಿ ಒಂದು ಕಡೆ 15,000 ಜನ, ಇನ್ನೊಂದು ಕಡೆ 13,800 ಜನ ಅಂತಿದೆ. ಮೊತ್ತ 28,800, ವರ್ಗಮೂಲದ ಎರಡರಷ್ಟು ಸುಮಾರು 340. ಅಂತರ 1,200. ಇದು ಅದೃಷ್ಟದಿಂದ ಆಗುವ ಮಾತಲ್ಲ, ಹಂಚುವ ಕಡೆಯೇ ಏನೋ ಕೆಟ್ಟಿದೆ. ಒಂದು ಫೋಟೊ ತೆರೆದುಕೊಳ್ಳಲು ನಿಧಾನವಾಗಿರಬಹುದು, ಅಥವಾ ಒಂದು ಕಡೆಯ ಎಣಿಕೆಯೇ ಸರಿಯಾಗಿ ದಾಖಲಾಗದೆ ಇರಬಹುದು. ಅಂಥ ಪರೀಕ್ಷೆಯ ಫಲಿತಾಂಶ ಎಷ್ಟೇ ಚೆನ್ನಾಗಿದ್ದರೂ ಬಿಟ್ಟುಬಿಡಬೇಕು.

## ಕ್ಲಿಕ್ ಗೆದ್ದ ಫೋಟೊ ಆರ್ಡರ್‌ನಲ್ಲಿ ಯಾಕೆ ಹಿಂದೆ ಬೀಳುತ್ತದೆ?

ಪರೀಕ್ಷೆಯನ್ನು ನಿಲ್ಲಿಸದೆ ಮುಂದುವರಿಸಿದರು ಅಂತಿಟ್ಟುಕೊಳ್ಳಿ. ಎರಡೂ ಫೋಟೊಗಳಿಗೆ 60,000 ಇಂಪ್ರೆಶನ್ ಆಯಿತು, ತಲಾ ₹7,200 ಖರ್ಚಾಯಿತು.

ಎ: 1,200 ಕ್ಲಿಕ್, 72 ಆರ್ಡರ್.
ಬಿ: 1,500 ಕ್ಲಿಕ್, 60 ಆರ್ಡರ್.

ಇಲ್ಲಿ ಗಮನಿಸಬೇಕಾದದ್ದು ಬಂದವರಲ್ಲಿ ಎಷ್ಟು ಜನ ಕೊಂಡರು ಅನ್ನುವುದು. ಎಯಲ್ಲಿ 100ಕ್ಕೆ 6 ಜನ, ಬಿಯಲ್ಲಿ 100ಕ್ಕೆ 4 ಜನ. ಎರಡೂ ಕಡೆ ಕ್ಲಿಕ್‌ಗಳು ಸಮ ಇಲ್ಲದ್ದರಿಂದ ಮೇಲಿನ ವರ್ಗಮೂಲದ ಲೆಕ್ಕ ಇಲ್ಲಿ ನಡೆಯಲ್ಲ. ಎ/ಬಿ ಟೆಸ್ಟ್ ಕ್ಯಾಲ್ಕುಲೇಟರ್‌ಗಳು ಆನ್‌ಲೈನ್‌ನಲ್ಲಿ ಬೇಕಾದಷ್ಟು ಸಿಗುತ್ತವೆ, ಅದರಲ್ಲಿ 1,200ಕ್ಕೆ 72, 1,500ಕ್ಕೆ 60 ಅಂತ ತುಂಬಿದರೆ, ಇಂಥ ಅಂತರ ಬರೀ ಅದೃಷ್ಟದಿಂದ ಬರುವ ಸಾಧ್ಯತೆ 100ಕ್ಕೆ 2ಕ್ಕಿಂತ ಕಡಿಮೆ ಅಂತ ಬರುತ್ತದೆ. ಹಾಗಾಗಿ ಈ ವ್ಯತ್ಯಾಸವನ್ನು ನಂಬಬಹುದು.

ಕಾರಣ ಊಹಿಸುವುದು ಕಷ್ಟವಲ್ಲ. ಬಿ ಫೋಟೊದಲ್ಲಿ ಗಾತ್ರ ಗೊತ್ತಾಗುವುದಿಲ್ಲ. ದೊಡ್ಡ ಆಟಿಕೆ ಅಂದುಕೊಂಡು ಒಳಗೆ ಬಂದವರು, ಅಂಗೈಯಗಲದ ಗಿಲಕಿ ಅಂತ ಒಳಗಿನ ಪುಟದಲ್ಲಿ ಓದಿ ವಾಪಸ್ ಹೋಗುತ್ತಾರೆ. ಎ ಫೋಟೊ ಅವರನ್ನು ಹೊರಗೇ ನಿಲ್ಲಿಸಿತ್ತು. ಅಂದರೆ ಫೋಟೊ ಜನರನ್ನು ಕರೆಯುವುದಷ್ಟೇ ಅಲ್ಲ, ಆರಿಸುವ ಕೆಲಸವನ್ನೂ ಮಾಡುತ್ತದೆ. ಎರಡು ಫೋಟೊಗಳಿಂದ ಒಳಗೆ ಬರುವವರು ಒಂದೇ ಥರದ ಜನರಲ್ಲ.

ಈಗ ಜಾಹೀರಾತಿನ ವರದಿ ತೆರೆದರೆ ಏನು ಕಾಣುತ್ತದೆ ನೋಡಿ. ಎಯಲ್ಲಿ ಒಂದು ಕ್ಲಿಕ್‌ಗೆ ₹6 ಬಿದ್ದಿದೆ, ಬಿಯಲ್ಲಿ ₹4.80. ವರದಿಯ ಪ್ರಕಾರ ಬಿ ಅಗ್ಗ. ಆದರೆ ಒಂದು ಆರ್ಡರ್‌ಗೆ ಎಯಲ್ಲಿ ₹100 ಬಿದ್ದಿದೆ, ಬಿಯಲ್ಲಿ ₹120. ಕ್ಲಿಕ್ ಲೆಕ್ಕಕ್ಕೆ ಹಣ ಹಿಡಿಯುವ ಜಾಹೀರಾತಾದರೆ, ಅಮೆಜಾನ್‌ನ ಸ್ಪಾನ್ಸರ್ಡ್ ಪ್ರಾಡಕ್ಟ್ಸ್ ಥರದ್ದು, ಇದು ಇನ್ನೂ ಜೋರಾಗಿ ಹೊಡೆಯುತ್ತದೆ. ಅಲ್ಲಿ ಕೊಳ್ಳದೆ ಹೋದ ಪ್ರತಿಯೊಬ್ಬರಿಗೂ ನೀವು ದುಡ್ಡು ಕಟ್ಟಿರುತ್ತೀರಿ. ಎರಡಕ್ಕೂ ಕ್ಲಿಕ್‌ಗೆ ₹6 ಅಂತ ಹಿಡಿದರೆ ಬಿಯ 60 ಆರ್ಡರ್‌ಗೆ ₹9,000, ಅಂದರೆ ಆರ್ಡರ್‌ಗೆ ₹150.

ಆದರೂ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಒಟ್ಟು ಆರ್ಡರ್ 72 ಮತ್ತು 60. ಇಂಪ್ರೆಶನ್ ಸಮ ಇರುವುದರಿಂದ ವರ್ಗಮೂಲದ ಲೆಕ್ಕ ಇಲ್ಲಿ ನಡೆಯುತ್ತದೆ: ಗೆರೆ 23, ಅಂತರ 12. ಎ ಜಾಸ್ತಿ ಆರ್ಡರ್ ತರುತ್ತದೆ ಅಂತ ಇನ್ನೂ ಖಾತ್ರಿಯಾಗಿಲ್ಲ. ಖಾತ್ರಿಯಾದದ್ದು ಇಷ್ಟೇ. ಬಿ ಜಾಸ್ತಿ ಜನರನ್ನು ಒಳಗೆ ತಂದಿತು, ಬಂದವರಲ್ಲಿ ಕೊಂಡವರ ಪಾಲು ಕಡಿಮೆ, ಮತ್ತು ಆ ಹೆಚ್ಚಿನ 300 ಕ್ಲಿಕ್‌ಗಳಿಂದ ಆರ್ಡರ್ ಹೆಚ್ಚಿದ ಲಕ್ಷಣ ಇಲ್ಲ. ಇಷ್ಟು ಗೊತ್ತಾದರೆ ನಾನಂತೂ ಎ ಫೋಟೊವನ್ನೇ ಉಳಿಸಿಕೊಳ್ಳುತ್ತೇನೆ.

ಉಳಿಸಿಕೊಳ್ಳಲು ಇನ್ನೊಂದು ಕಾರಣ ರಿಟರ್ನ್. ಗಾತ್ರ ತಪ್ಪಾಗಿ ಅಂದಾಜಿಸಿ ಕೊಂಡವರು ಪೊಟ್ಟಣ ಬಿಚ್ಚಿದ ಮೇಲೆ ವಾಪಸ್ ಕಳಿಸುತ್ತಾರೆ. ಹೋಗುವ, ಬರುವ ಕೊರಿಯರ್ ಖರ್ಚು ಎರಡೂ ನಿಮ್ಮ ತಲೆ ಮೇಲೆ ಬೀಳಬಹುದು. ಆರ್ಡರ್ ಬಂದ ದಿನ ಇದು ಕಾಣುವುದಿಲ್ಲ, ಎರಡು ಮೂರು ವಾರ ಆದಮೇಲೆ ಕಾಣುತ್ತದೆ. ಹಾಗಾಗಿ ಪ್ರತಿ ಆರ್ಡರ್ ಯಾವ ಫೋಟೊದಿಂದ ಬಂತು ಅಂತ ಗುರುತಿಟ್ಟುಕೊಂಡು, ರಿಟರ್ನ್ ಗಡುವು ಮುಗಿದ ಮೇಲೆ ಉಳಿದ ಆರ್ಡರ್‌ಗಳನ್ನು ಮಾತ್ರ ಎಣಿಸುವುದು ಸರಿಯಾದ ಕ್ರಮ.

## ಎಷ್ಟು ಜನ ಬೇಕು, ಎಷ್ಟು ದಿನ ಓಡಿಸಬೇಕು?

ಇಲ್ಲಿ ಚಿಕ್ಕ ವ್ಯಾಪಾರಿಗಳಿಗೆ ಸ್ವಲ್ಪ ಬೇಸರದ ಸುದ್ದಿ ಇದೆ. ಹುಡುಕುವ ವ್ಯತ್ಯಾಸ ಚಿಕ್ಕದಾದಷ್ಟೂ ಬೇಕಾಗುವ ಜನ ಜಾಸ್ತಿ, ಅದೂ ಸಿಕ್ಕಾಪಟ್ಟೆ ಜಾಸ್ತಿ. ವ್ಯತ್ಯಾಸ ಅರ್ಧವಾದರೆ ಜನ ನಾಲ್ಕರಷ್ಟು ಬೇಕು.

ಆರ್ಡರ್ ದರ 6% ಇದೆ ಅನ್ನಿ. ಹೊಸ ಫೋಟೊ ಅದನ್ನು 9%ಗೆ ಏರಿಸುತ್ತದೆ ಅಂತ ಪತ್ತೆ ಹಚ್ಚಲು ಪ್ರತಿ ಫೋಟೊಗೆ ಸುಮಾರು 1,250 ಕ್ಲಿಕ್ ಬೇಕು. ಅದೇ 6%ನಿಂದ 7%ಗೆ ಏರಿಕೆ ಹಿಡಿಯಬೇಕಾದರೆ ಪ್ರತಿ ಫೋಟೊಗೆ ಹತ್ತಿರ ಹತ್ತಿರ 10,000 ಕ್ಲಿಕ್. ಕ್ಲಿಕ್‌ಗೆ ₹5 ಅಂತ ಹಿಡಿದರೆ ಮೊದಲನೆಯದಕ್ಕೆ ಒಟ್ಟು ₹12,500, ಎರಡನೆಯದಕ್ಕೆ ₹1 ಲಕ್ಷ. ₹349ರ ಗಿಲಕಿ ಮಾರುವವರು ಒಂದು ಲಕ್ಷ ಖರ್ಚು ಮಾಡಿ ಒಂದು ಶೇಕಡಾ ಏರಿಕೆ ಹುಡುಕುವುದರಲ್ಲಿ ಅರ್ಥವಿಲ್ಲ.

ಹಾಗಾಗಿ ಚಿಕ್ಕವರು ಪರೀಕ್ಷಿಸಬೇಕಾದದ್ದು ಎದ್ದು ಕಾಣುವ ವ್ಯತ್ಯಾಸಗಳನ್ನು. ಹಿನ್ನೆಲೆ ತಿಳಿ ಬೂದೋ ತಿಳಿ ಕೆನೆಯೋ ಅನ್ನುವುದು ಬೇಡ. ಒಂದು ಗಿಲಕಿಯೋ ಮೂರರ ಸೆಟ್ಟೋ, ಕೈಯಲ್ಲಿ ಹಿಡಿದದ್ದೋ ಡಬ್ಬಿಯಲ್ಲಿ ಉಡುಗೊರೆಯಾಗಿ ಇಟ್ಟದ್ದೋ, ಇಂಥವು ಪರೀಕ್ಷೆಗೆ ಯೋಗ್ಯ. ಕೊಳ್ಳುವವರ ಮನಸ್ಸಿನಲ್ಲಿ ಬೇರೆಯದೇ ಯೋಚನೆ ಹುಟ್ಟಿಸುವಂಥ ಬದಲಾವಣೆ ಬೇಕು.

ದಿನಗಳ ವಿಷಯ. ಪೂರ್ತಿ ವಾರಗಳಲ್ಲಿ ಓಡಿಸಿ, ಕಡಿಮೆ ಅಂದರೂ ಎರಡು ವಾರ. ಭಾನುವಾರ ನೋಡುವವರು, ಮಂಗಳವಾರ ಮಧ್ಯಾಹ್ನ ನೋಡುವವರು, ತಿಂಗಳ ಮೊದಲ ವಾರ ಸಂಬಳ ಬಂದ ಮೇಲೆ ನೋಡುವವರು ಬೇರೆ ಬೇರೆ ಥರ ನಡೆದುಕೊಳ್ಳುತ್ತಾರೆ. ಗುರುವಾರ ಶುರು ಮಾಡಿ ಸೋಮವಾರ ನಿಲ್ಲಿಸಿದರೆ ನಿಮ್ಮ ಫಲಿತಾಂಶ ಒಂದು ವಾರಾಂತ್ಯದ ಫಲಿತಾಂಶ ಅಷ್ಟೇ.

ಇನ್ನು ಎಲ್ಲರೂ ಮಾಡುವ ತಪ್ಪು: ದಿನಾ ಬೆಳಗ್ಗೆ ನೋಡುವುದು, ಗೆರೆ ದಾಟಿದ ದಿನ ನಿಲ್ಲಿಸಿಬಿಡುವುದು. ಇದರಲ್ಲಿ ಏನು ತಪ್ಪು ಅನ್ನಿಸಬಹುದು. ಅಂಕಿಗಳು ಪ್ರತಿದಿನ ಅತ್ತಿಂದಿತ್ತ ಓಲಾಡುತ್ತವೆ. ಹತ್ತು ಸಲ ಇಣುಕಿದರೆ ಅದೃಷ್ಟಕ್ಕೆ ಗೆರೆ ದಾಟಲು ಹತ್ತು ಅವಕಾಶ ಕೊಟ್ಟ ಹಾಗೆ. ಒಂದೇ ಸಲ ಕೊನೆಯಲ್ಲಿ ನೋಡಿದರೆ ಸುಳ್ಳು ಗೆಲುವು 100ಕ್ಕೆ 5. ನಡುವೆ ಸಮ ಅಂತರದಲ್ಲಿ ಒಟ್ಟು ಹತ್ತು ಸಲ ನೋಡಿ, ಗೆದ್ದ ಕೂಡಲೇ ನಿಲ್ಲಿಸುತ್ತೇನೆ ಅಂದರೆ ಅದು 100ಕ್ಕೆ ಸುಮಾರು 19 ಆಗುತ್ತದೆ. ಇದು ಸಂಖ್ಯಾಶಾಸ್ತ್ರದವರು ದಶಕಗಳ ಹಿಂದೆಯೇ ಲೆಕ್ಕ ಹಾಕಿಟ್ಟ ಅಂಕಿ. ಎಷ್ಟು ಇಂಪ್ರೆಶನ್ ಆದಮೇಲೆ, ಯಾವ ತಾರೀಕಿಗೆ ನಿಲ್ಲಿಸುತ್ತೀರಿ ಅಂತ ಶುರು ಮಾಡುವ ಮೊದಲೇ ಬರೆದಿಡಿ. ನಡುವೆ ನೋಡುವುದಾದರೆ ಏನಾದರೂ ಕೆಟ್ಟಿದೆಯಾ ಅಂತ ಮಾತ್ರ ನೋಡಿ.

ಗೆದ್ದ ಮೇಲೂ ಒಂದು ಎಚ್ಚರ. ಪರೀಕ್ಷೆಯಲ್ಲಿ 25% ಜಾಸ್ತಿ ಅಂತ ಕಂಡದ್ದು ಆಮೇಲೆ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆಗೆ ಇಳಿಯುತ್ತದೆ. ಗೆರೆ ದಾಟಿದ ಪರೀಕ್ಷೆಗಳಲ್ಲಿ ಅದೃಷ್ಟವೂ ಕೈಹಿಡಿದು ಎತ್ತಿದವು ಜಾಸ್ತಿ ಇರುತ್ತವೆ, ಅದಕ್ಕೆ. ಮುಂದಿನ ತಿಂಗಳ ಸ್ಟಾಕನ್ನು ಆ 25% ನಂಬಿ ತರಿಸಬೇಡಿ.

## ಎಲ್ಲಿ ಮಾಡುವುದು?

ಫೇಸ್‌ಬುಕ್, ಇನ್‌ಸ್ಟಾಗ್ರಾಂ ಜಾಹೀರಾತಿನಲ್ಲಿ ಒಂದು ಗೊಂದಲ ಇದೆ. ಒಂದೇ ಬಜೆಟ್ಟಿನಲ್ಲಿ ಒಟ್ಟಿಗೆ ಓಡುವ ಜಾಹೀರಾತುಗಳ ಗುಂಪು, ಅಂದರೆ ಒಂದೇ ಆ್ಯಡ್ ಸೆಟ್ಟಿನೊಳಗೆ ಎರಡು ಫೋಟೊ ಹಾಕಿ ಬಿಟ್ಟರೆ ಅದು ಸ್ಪ್ಲಿಟ್ ಟೆಸ್ಟ್ ಅಲ್ಲ. ವ್ಯವಸ್ಥೆ ಮೊದಲ ಕೆಲವು ಗಂಟೆಗಳ ಲಕ್ಷಣ ನೋಡಿ ಒಂದು ಫೋಟೊ ಕಡೆಗೇ ಹೆಚ್ಚು ಬಜೆಟ್ ತಳ್ಳಿಬಿಡುತ್ತದೆ, ಇನ್ನೊಂದಕ್ಕೆ ಅವಕಾಶವೇ ಸಿಗುವುದಿಲ್ಲ. Ads Manager ಒಳಗಿನ A/B test ಆಯ್ಕೆಯನ್ನೇ ಬಳಸಬೇಕು, ಅದು ಜನರನ್ನು ಎರಡು ಪಾಲು ಮಾಡುತ್ತದೆ. ಅದಕ್ಕೂ ಒಂದು ಮಿತಿ ಇದೆ. ಪ್ರತಿ ಪಾಲಿನೊಳಗೆ ಆ ಫೋಟೊ ಯಾರಿಗೆ ಹಿಡಿಸಬಹುದೋ ಅಂಥವರಿಗೇ ವ್ಯವಸ್ಥೆ ಅದನ್ನು ತೋರಿಸುತ್ತಾ ಹೋಗುತ್ತದೆ. ಹಾಗಾಗಿ ಸಿಗುವ ಉತ್ತರ "ಯಾವ ಫೋಟೊ ಚೆನ್ನ" ಅನ್ನುವುದಕ್ಕಿಂತ "ಈ ಜಾಹೀರಾತು ವ್ಯವಸ್ಥೆಯಲ್ಲಿ ಯಾವ ಫೋಟೊ ಚೆನ್ನಾಗಿ ಓಡುತ್ತದೆ" ಅನ್ನುವುದು. ಜಾಹೀರಾತಿಗೆ ಅಷ್ಟು ಸಾಕು. ಅದೇ ಫೋಟೊ ಬೇರೆ ಕಡೆಯೂ ಗೆಲ್ಲುತ್ತದೆ ಅಂತ ಮಾತ್ರ ಅಂದುಕೊಳ್ಳಬಾರದು. ಅಂದಹಾಗೆ, ವರದಿಯಲ್ಲಿ Clicks (all) ಅನ್ನುವ ಅಂಕಣ ನೋಡಬೇಡಿ, ಅದರಲ್ಲಿ ಲೈಕ್, ಕಮೆಂಟ್ ಎಲ್ಲ ಸೇರಿರುತ್ತದೆ. Link clicks ನೋಡಿ.

ಅಮೆಜಾನ್‌ನಲ್ಲಿ Manage Your Experiments ಅಂತ ಒಂದು ಸೌಲಭ್ಯ ಇದೆ. ಬ್ರ್ಯಾಂಡ್ ನೋಂದಾಯಿಸಿದವರಿಗೆ ಮಾತ್ರ, ಮತ್ತು ಆ ವಸ್ತುವಿನ ಪುಟಕ್ಕೆ ಸಾಕಷ್ಟು ಜನ ಬರುತ್ತಿರಬೇಕು. ಮುಖ್ಯ ಫೋಟೊ, ಟೈಟಲ್ ಎರಡನ್ನೂ ಇದರಲ್ಲಿ ಪರೀಕ್ಷಿಸಬಹುದು. ಆದರೆ ಅಲ್ಲಿನ ಮುಖ್ಯ ಫೋಟೊಗೆ ಅಪ್ಪಟ ಬಿಳಿ ಹಿನ್ನೆಲೆ ಇರಬೇಕು, ವಸ್ತು ಚೌಕಟ್ಟಿನ 85%ರಷ್ಟು ತುಂಬಿರಬೇಕು, ಮೇಲೆ ಬರಹ ಇರಬಾರದು ಅನ್ನುವ ನಿಯಮಗಳಿವೆ. ಹಾಗಾಗಿ ನಮ್ಮ ಅಂಗೈ ಮೇಲಿನ ಗಿಲಕಿಯನ್ನು ಅಲ್ಲಿ ಮುಖ್ಯ ಫೋಟೊ ಮಾಡುವಂತಿಲ್ಲ. ಅಲ್ಲಿ ಪರೀಕ್ಷಿಸಬಹುದಾದದ್ದು ಯಾವ ಕೋನದಿಂದ ತೆಗೆದದ್ದು ಅನ್ನುವಂಥವು.

ಇಂಥ ಯಾವ ಸೌಲಭ್ಯವೂ ಇಲ್ಲದ ಕಡೆ ಮಾರುತ್ತಿದ್ದರೆ ವಾರ ಬಿಟ್ಟು ವಾರ ಬದಲಿಸುವುದೊಂದೇ ದಾರಿ. ಒಂದು ವಾರ ಎ, ಒಂದು ವಾರ ಬಿ, ಮತ್ತೆ ಎ, ಮತ್ತೆ ಬಿ, ಹೀಗೆ ಆರೆಂಟು ವಾರ. ಒಂದೇ ಸಲ ಬದಲಿಸುವುದಕ್ಕಿಂತ ಇದು ಎಷ್ಟೋ ವಾಸಿ, ಯಾಕೆಂದರೆ ಫೋಟೊ ನಿಜಕ್ಕೂ ಕೆಲಸ ಮಾಡುತ್ತಿದ್ದರೆ ಅಂಕಿಗಳು ಪ್ರತಿ ಬದಲಾವಣೆಯ ಜೊತೆಗೂ ಏರಿ ಇಳಿಯಬೇಕು. ಹಬ್ಬದ ಸೇಲ್ ಬಂದ ವಾರವನ್ನು ಲೆಕ್ಕದಿಂದ ತೆಗೆದುಬಿಡಿ. ಬೆಲೆ, ಬಜೆಟ್ ಮುಟ್ಟಬೇಡಿ. ವಾರದಿಂದ ವಾರಕ್ಕೆ ವ್ಯಾಪಾರ ತಾನಾಗಿಯೇ ಏರಿಳಿಯುತ್ತದೆ, ಆದ್ದರಿಂದ ಇಲ್ಲಿ ವರ್ಗಮೂಲದ ಗೆರೆಯನ್ನು ಸ್ವಲ್ಪ ದಾಟಿದರೆ ಸಾಲದು, ಚೆನ್ನಾಗಿ ದಾಟಿರಬೇಕು.

## ಟೈಟಲ್ ಪರೀಕ್ಷೆ ಬೇರೆ ಥರ

ಟೈಟಲ್ ಸಣ್ಣ ವಿಷಯ ಅನ್ನಿಸಬಹುದು. 2012ರಲ್ಲಿ ಮೈಕ್ರೋಸಾಫ್ಟ್‌ನ ಬಿಂಗ್ ಸರ್ಚ್‌ನಲ್ಲಿ ಜಾಹೀರಾತುಗಳ ತಲೆಬರಹ ತೋರಿಸುವ ರೀತಿ ಬದಲಿಸೋಣ ಅಂತ ಒಬ್ಬ ಉದ್ಯೋಗಿ ಸೂಚಿಸಿದ್ದರು. ಅದಕ್ಕೆ ಯಾರೂ ಮಹತ್ವ ಕೊಡಲಿಲ್ಲ, ಆರು ತಿಂಗಳಿಗೂ ಹೆಚ್ಚು ಕಾಲ ಮೂಲೆಯಲ್ಲಿ ಬಿದ್ದಿತ್ತು. ಕೊನೆಗೆ ಒಬ್ಬ ಎಂಜಿನಿಯರ್ ಎ/ಬಿ ಟೆಸ್ಟ್ ಮಾಡಿದಾಗ ಆದಾಯ 12% ಏರಿತು. ಅಮೆರಿಕದಲ್ಲೇ ವರ್ಷಕ್ಕೆ 10 ಕೋಟಿ ಡಾಲರ್‌ಗಿಂತ ಹೆಚ್ಚು. ಅದನ್ನು ಪಕ್ಕಕ್ಕಿಟ್ಟವರು ಆ ಕೆಲಸದಲ್ಲೇ ಪಳಗಿದವರು, ಆದರೂ ಅವರ ಊಹೆ ತಪ್ಪಾಗಿತ್ತು.

ಆದರೆ ಮಾರುಕಟ್ಟೆ ಆ್ಯಪ್‌ಗಳಲ್ಲಿ ಟೈಟಲ್‌ಗೆ ಎರಡು ಕೆಲಸ. ಓದುವವರನ್ನು ಒಳಗೆ ಕರೆಯುವುದು ಒಂದು. ಯಾವ ಹುಡುಕಾಟಕ್ಕೆ ನಿಮ್ಮ ವಸ್ತು ಕಾಣಿಸಬೇಕು ಅಂತ ಆ್ಯಪ್‌ಗೆ ತಿಳಿಸುವುದು ಇನ್ನೊಂದು. ಫೋಟೊಗೆ ಈ ಎರಡನೇ ಕೆಲಸ ಅಷ್ಟಾಗಿ ಇಲ್ಲ. ಈ ಒಂದು ಕಾರಣಕ್ಕೆ ಟೈಟಲ್ ಪರೀಕ್ಷೆಯ ಅಂಕಿಗಳನ್ನು ಫೋಟೊದ ಅಂಕಿಗಳ ಹಾಗೆ ಓದಬಾರದು.

ಗಿಲಕಿಗೆ ಎರಡು ಟೈಟಲ್ ಇಟ್ಟುಕೊಳ್ಳೋಣ.

```
Channapatna Wooden Rattle for Baby, Natural Lac Colours
Baby Rattle Gift for Newborn, Wooden, Channapatna Toy
```

ವಾರ ಬಿಟ್ಟು ವಾರ ಇವನ್ನು ಬದಲಿಸಿದಿರಿ. ಎರಡನೆಯದರಲ್ಲಿ ಕ್ಲಿಕ್ ದರ 2.5%ನಿಂದ 2%ಗೆ ಇಳಿಯಿತು. ಸೋತಿತು ಅನ್ನಬಹುದಾ? ನಿಲ್ಲಿ, ಇಂಪ್ರೆಶನ್ ನೋಡಿ. ಮೊದಲ ಟೈಟಲ್ ಇದ್ದ ವಾರ 4,000 ಇತ್ತು, ಎರಡನೆಯದು ಇದ್ದ ವಾರ 7,000 ಆಗಿದೆ. "gift for newborn" ಅನ್ನುವ ಪದಗಳು ಸೇರಿದ್ದರಿಂದ, ಹುಟ್ಟಿದ ಮಗುವಿಗೆ ಉಡುಗೊರೆ ಹುಡುಕುವವರ ಕಣ್ಣಿಗೂ ಗಿಲಕಿ ಬೀಳತೊಡಗಿದೆ. ಅವರಲ್ಲಿ ಕೆಲವರಿಗೆ ಗಿಲಕಿ ಬೇಡ, ಬಟ್ಟೆ ಬೇಕು, ಹಾಗಾಗಿ ದರ ಇಳಿಯಿತು. ಆದರೆ ಕ್ಲಿಕ್ 100ರಿಂದ 140ಕ್ಕೆ ಏರಿದೆ. ಇಲ್ಲಿ ದರಕ್ಕಿಂತ ಒಟ್ಟು ಎಣಿಕೆ ಮುಖ್ಯ: ಅಷ್ಟೇ ಅವಧಿಯಲ್ಲಿ ಯಾವ ಟೈಟಲ್ ಇದ್ದಾಗ ಒಟ್ಟು ಎಷ್ಟು ಆರ್ಡರ್ ರಿಟರ್ನ್ ಆಗದೆ ಉಳಿಯಿತು?

ಅಮೆಜಾನ್ ವರದಿಯಲ್ಲಿ ಇದಕ್ಕೆ Sessions ಮತ್ತು Unit Session Percentage ಎರಡನ್ನೂ ಒಟ್ಟಿಗೆ ನೋಡಬೇಕು. ಮೊದಲನೆಯದು ಎಷ್ಟು ಭೇಟಿ ಆಯಿತು ಅನ್ನುವುದು, ಎರಡನೆಯದು 100 ಭೇಟಿಗೆ ಎಷ್ಟು ಮಾರಾಟ ಅನ್ನುವುದು. ಭೇಟಿ ಏರಿ ಶೇಕಡಾ ಸ್ವಲ್ಪ ಇಳಿದರೆ ಪರವಾಗಿಲ್ಲ, ಎರಡರ ಗುಣಾಕಾರ ಏರಿದ್ದರೆ ಸಾಕು. ಭೇಟಿ ಏರದೆ ಶೇಕಡಾ ಮಾತ್ರ ಇಳಿದಿದ್ದರೆ ಹೊಸ ಟೈಟಲ್ ನಿಮಗೆ ಬೇಡದ ಜನರನ್ನು ಕರೆಯುತ್ತಿದೆ ಅಂತ ಅರ್ಥ.

ಇನ್ನೆರಡು ಸಂಗತಿ. ಟೈಟಲ್ ಬದಲಿಸಿದ ಕೂಡಲೇ ಹುಡುಕಾಟದ ಫಲಿತಾಂಶ ಬದಲಾಗುವುದಿಲ್ಲ, ಸ್ವಲ್ಪ ಸಮಯ ಬೇಕು. ಹಾಗಾಗಿ ಪ್ರತಿ ವಾರದ ಮೊದಲ ಎರಡು ದಿನದ ಅಂಕಿಗಳನ್ನು ಎಣಿಕೆಗೆ ತೆಗೆದುಕೊಳ್ಳದಿರುವುದು ಒಳ್ಳೆಯದು. ಮತ್ತೆ ಮೊಬೈಲ್‌ನಲ್ಲಿ ಹುಡುಕಾಟದ ಪಟ್ಟಿ ಬಂದಾಗ ಉದ್ದನೆಯ ಟೈಟಲ್‌ನ ಬಾಲ ಕತ್ತರಿಸಿ ಹೋಗುತ್ತದೆ. ಅಮೆಜಾನ್ ಹೆಚ್ಚಿನ ವಿಭಾಗಗಳಲ್ಲಿ 200 ಅಕ್ಷರಗಳವರೆಗೆ ಬಿಡುತ್ತದೆ ನಿಜ, ಆದರೆ ಕೊನೆಯ ಪದಗಳನ್ನು ಆ ಪಟ್ಟಿಯಲ್ಲಿ ಯಾರೂ ಓದುವುದಿಲ್ಲ. ಬಾಲದಲ್ಲಿ ಮಾಡಿದ ಬದಲಾವಣೆ ಹುಡುಕಾಟದ ಮೇಲೆ ಪರಿಣಾಮ ಬೀರಬಹುದು, ಓದುಗರ ಕಣ್ಣಿಗೆ ಮಾತ್ರ ಬೀಳುವುದಿಲ್ಲ. ಕ್ಲಿಕ್ ಜಾಸ್ತಿಯಾಗಬೇಕು ಅಂತ ಪರೀಕ್ಷೆ ಮಾಡುತ್ತಿದ್ದರೆ ಎರಡು ಟೈಟಲ್‌ಗಳ ಮೊದಲ ನಾಲ್ಕೈದು ಪದಗಳೇ ಬೇರೆ ಇರಬೇಕು. ನಿಮ್ಮ ಮೊಬೈಲಿನಲ್ಲೇ ಆ್ಯಪ್ ತೆರೆದು, ನಿಮ್ಮ ವಸ್ತುವನ್ನು ಹುಡುಕಿ, ಟೈಟಲ್ ಎಲ್ಲಿ ಕತ್ತರಿಸಿದೆ ಅಂತ ನೋಡಿಕೊಂಡು ಆಮೇಲೆ ಎರಡನೇ ಟೈಟಲ್ ಬರೆಯಿರಿ.